‘ದುಃಖದ ಸಂಗೀತ’ ಎಂದಷ್ಟೇ ಬರೆದರೆ ಸಾಲದು: ಸ್ಕ್ರಿಪ್ಟ್‌ನಲ್ಲಿ ಶಬ್ದ, ಸಂಗೀತ, ಮೌನದ ಗುರುತು

ಪ್ರಶ್ನೆ: ನಾವು ಮಂಡ್ಯ ಕಡೆಯ ನಾಲ್ಕು ಜನ ಸ್ನೇಹಿತರು ಹಳ್ಳಿ ಕಥೆಗಳನ್ನು ಆಡಿಯೊ ಮಾಡುತ್ತಿದ್ದೇವೆ. ಬರೆಯುವವನು ನಾನು. ಎಡಿಟ್ ಮಾಡುವ ಗೆಳೆಯ ಮೈಸೂರಿನಲ್ಲಿದ್ದಾನೆ, ಆಡಾಸಿಟಿ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಾನೆ. ‘ದುಃಖದ ಸಂಗೀತ’ ಎಂದು ಬರೆದರೆ ದೃಶ್ಯದ ಉದ್ದಕ್ಕೂ ಪಿಟೀಲು ತುಂಬಿಬಿಡುತ್ತಾನೆ. ‘ಮೌನ’ ಎಂದು ಬರೆದ ಜಾಗ ಫೈನಲ್‌ನಲ್ಲಿ ಇರುವುದೇ ಇಲ್ಲ. ಅಪ್ಪ ತೀರಿಹೋದ ಮನೆಯ ದೃಶ್ಯವೊಂದು ಹೀಗೇ ಕೆಟ್ಟಿತು, ಕೇಳಿದವರು ಸೀರಿಯಲ್ ಥರ ಇದೆ ಎಂದರು. ಆ ಪುಟ, ಫೈನಲ್ ಆಡಿಯೊ ಎರಡನ್ನೂ ಜೊತೆಗಿಟ್ಟಿದ್ದೇನೆ. ಈ ಸೂಚನೆಗಳನ್ನು ಸರಿಯಾಗಿ ಬರೆಯುವುದು ಹೇಗೆ?

ಉತ್ತರ:

ನಿಮ್ಮ ಗೆಳೆಯನನ್ನು ಬೈಯಬೇಡಿ. ‘ದುಃಖದ ಸಂಗೀತ’ ಎಂಬ ಎರಡು ಪದಗಳಲ್ಲಿ ನೀವು ಹೇಳಿರುವುದು ಕೇಳುಗನಿಗೆ ಏನಾಗಬೇಕು ಎನ್ನುವುದನ್ನು ಮಾತ್ರ. ಎಡಿಟ್‌ಗೆ ಕೂತವನಿಗೆ ಬೇಕಾದ ವಿವರ ಅದರಲ್ಲಿ ಒಂದೂ ಇಲ್ಲ. ಸಂಗೀತ ಯಾವ ಮಾತಿನ ನಂತರ ಬರಬೇಕು, ಮೆಲ್ಲಗೆ ಬರಬೇಕೋ ಒಮ್ಮೆಲೇ ಬರಬೇಕೋ, ಮಾತಿಗಿಂತ ಎಷ್ಟು ಕೆಳಗಿರಬೇಕು, ಎಲ್ಲಿ ಹೋಗಬೇಕು? ಇವುಗಳಲ್ಲಿ ಕೊನೆಯದನ್ನು ಬರೆಯದೆ ಬಿಟ್ಟರೆ ಸಂಗೀತ ದೃಶ್ಯ ಮುಗಿಯುವವರೆಗೂ ಇರುತ್ತದೆ, ಏಕೆಂದರೆ ನಿಲ್ಲಿಸು ಎಂದು ಯಾರೂ ಹೇಳಿಲ್ಲ.

ನೀವು ಕಳಿಸಿದ ಪುಟವನ್ನೇ ಹಿಡಿದುಕೊಂಡು ಹೋಗೋಣ. ಯಜಮಾನರು ತೀರಿಕೊಂಡು ಹದಿನೈದು ದಿನವಾಗಿದೆ. ಬೆಂಗಳೂರಿನಿಂದ ಬಂದ ಮಗ ಇನ್ನೂ ಊರಲ್ಲೇ ಇದ್ದಾನೆ. ರಾತ್ರಿ ಕರೆಂಟ್ ಇಲ್ಲ, ಪಡಸಾಲೆಯಲ್ಲಿ ಅವ್ವ, ಮಗ ಇಬ್ಬರೂ ಮಲಗಿದ್ದಾರೆ. ಎರಡು ಗಂಟೆಗೆ ಕರೆಂಟ್ ಬರುತ್ತದೆ, ಫ್ಯಾನ್ ತಿರುಗುತ್ತದೆ. ಅವ್ವ ನಿದ್ದೆಗಣ್ಣಿನಲ್ಲೇ ಇಷ್ಟು ವರ್ಷ ಗಂಡನಿಗೆ ಹೇಳಿದ ಮಾತನ್ನು ಹೇಳಿಬಿಡುತ್ತಾಳೆ: “ಕರೆಂಟ್ ಬತ್ತು... ಏಳಿ, ಮೋಟ್ರು ಆಕ್ಬುಟ್ಟು ಬನ್ನಿ.” ಮಗ ಟಾರ್ಚ್ ತೆಗೆದುಕೊಂಡು ಹೊಲಕ್ಕೆ ಹೋಗಿ ಮೋಟರ್ ಹಾಕುತ್ತಾನೆ. ದೃಶ್ಯ ಚೆನ್ನಾಗಿದೆ, ಬರವಣಿಗೆಯಲ್ಲಿ ಮಗನ ಒಂದು ಸಾಲು ಬಿಟ್ಟರೆ ಕೈ ಹಾಕುವಂಥದ್ದು ಏನೂ ಇಲ್ಲ. ಆದರೆ ಅವ್ವನ ಮಾತಿನ ಎದುರಿಗೇ ಆವರಣದಲ್ಲಿ ‘ದುಃಖದ ಸಂಗೀತ, ಮೌನ’ ಎಂದು ಒಟ್ಟಿಗೆ ಬರೆದಿದ್ದೀರಿ. ಎರಡೂ ಒಂದೇ ಜಾಗದಲ್ಲಿ ಇರಲಾರವು, ಒಂದನ್ನು ಆರಿಸಿಕೊಳ್ಳಲೇಬೇಕು.

ಇಲ್ಲಿ ಬೇಕಿರುವುದು ಮೌನ. ಕಾರಣ ಆ ಮಾತಿನಲ್ಲೇ ಇದೆ. ಅವ್ವ ಮಗನಿಗೆ ಹೇಳಿದ್ದರೆ ‘ಏಳು’, ‘ಬಾ’ ಎನ್ನುತ್ತಿದ್ದಳು. ‘ಏಳಿ’, ‘ಬನ್ನಿ’ ಎಂದದ್ದರಿಂದ ಅವಳು ಕರೆದದ್ದು ಯಾರನ್ನು ಎಂದು ಕೇಳುಗನಿಗೆ ಗೊತ್ತಾಗಬೇಕು. ಇಡೀ ದೃಶ್ಯದ ಸಂಕಟ ಈ ಎರಡು ಪದಗಳ ಕೊನೆಯ ಅಕ್ಷರಗಳ ಮೇಲೆ ನಿಂತಿದೆ. ‘ಏಳಿ’ಯನ್ನು ಕೇಳುಗ ಗಮನಿಸದೆ ಹೋದರೂ ‘ಬನ್ನಿ’ಯಲ್ಲಿ ಹಿಡಿಯುತ್ತಾನೆ, ಆದರೆ ಹಿಡಿಯಲು ಅವನಿಗೆ ಒಂದೆರಡು ಕ್ಷಣ ಬೇಕು. ನಿಮ್ಮ ಫೈನಲ್‌ನಲ್ಲಿ ಪಿಟೀಲು ‘ಕರೆಂಟ್ ಬತ್ತು’ ಎನ್ನುವಾಗಲೇ ಶುರುವಾಗಿದೆ. ಅಂದರೆ ಅವಳ ಬಾಯಿಂದ ಆ ಮಾತು ಪೂರ್ತಿ ಬರುವ ಮೊದಲೇ ಇದು ಅಳುವ ಜಾಗ ಎಂದು ಕೇಳುಗನಿಗೆ ಹೇಳಿಯಾಗಿದೆ. ತಾನಾಗಿ ಕಂಡುಕೊಳ್ಳಬೇಕಾದ್ದನ್ನು ಅವನ ಕೈಯಿಂದ ಕಿತ್ತುಕೊಂಡಂತಾಯಿತು. ಸೀರಿಯಲ್ ಥರ ಇದೆ ಎಂದವರು ಹೇಳುತ್ತಿರುವುದು ಇದನ್ನೇ.

ಕನ್ನಡಕ್ಕೆ ಬರೆಯುವವರು ಇದನ್ನು ಎಲ್ಲ ದೃಶ್ಯಗಳಲ್ಲೂ ನೆನಪಿಡಬೇಕು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಲ್ಲ ಎನ್ನುವುದೂ ಅದರ ಬಾಲದಲ್ಲೇ ಇರುತ್ತದೆ. ‘ಅಪ್ಪ ಆ ರಾತ್ರಿ ಮನೆಗೆ ಬರ...’ ಎನ್ನುವವರೆಗೆ ಬಂದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ‘ಲಿಲ್ಲ’ ಎಂಬಲ್ಲಿ ಸುದ್ದಿ ಬೀಳುತ್ತದೆ. ಅದೇ ಜಾಗದಲ್ಲಿ ಓದುವವರ ದನಿ ಇಳಿಯುವುದೂ ಹೌದು, ಭಾವದ ದೃಶ್ಯಗಳಲ್ಲಂತೂ ಕೊನೆಯ ಅಕ್ಷರ ಉಸಿರಿನ ಜೊತೆ ಕರಗಿಹೋಗುತ್ತದೆ. ಆ ಇಳಿದ ದನಿಯ ಮೇಲೆ ಸಂಗೀತ ಏರಿ ಬಂದರೆ ಮುಚ್ಚಿಹೋಗುವುದು ವಾಕ್ಯದ ಅತಿ ಮುಖ್ಯವಾದ ತುಣುಕು. ಆದ್ದರಿಂದ ಸಂಗೀತದ ಸೂಚನೆಯನ್ನು ಯಾವತ್ತೂ ‘ಈ ಮಾತಿನ ಮೇಲೆ’ ಎಂದು ಬರೆಯಬೇಡಿ. ‘ಈ ಪದದ ಕೊನೆಯ ಅಕ್ಷರ ಮುಗಿದ ಮೇಲೆ, ಇಷ್ಟು ಸೆಕೆಂಡ್‌ಗೆ’ ಎಂದು ಬರೆಯಿರಿ. ಸಾಮಾನ್ಯ ಜಾಗಗಳಲ್ಲಿ ಒಂದು ಸೆಕೆಂಡ್ ಬಿಟ್ಟರೆ ಸಾಕು.

ಗಡಿಯಾರದ ಸಮಯ ಹಾಕಿ, ‘2 ನಿಮಿಷ 14 ಸೆಕೆಂಡ್‌ಗೆ’ ಎಂದು ಬರೆಯುವುದು ಸ್ಕ್ರಿಪ್ಟ್ ಹಂತದಲ್ಲಿ ಪ್ರಯೋಜನವಿಲ್ಲ. ನಟಿ ಒಂದು ಸಾಲನ್ನು ನಿಧಾನವಾಗಿ ಹೇಳಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಪದಕ್ಕೆ ಕಟ್ಟಿದ ಸೂಚನೆ ಯಾರು ಹೇಗೆ ಓದಿದರೂ ಅಲುಗುವುದಿಲ್ಲ.

ಇನ್ನು ಪುಟದ ಮೇಲೆ ಇವನ್ನು ಇಡುವ ಬಗೆ. ಇಂಗ್ಲಿಷ್ ರೇಡಿಯೊ ಸ್ಕ್ರಿಪ್ಟ್‌ಗಳಲ್ಲಿ ಶಬ್ದ, ಸಂಗೀತದ ಸಾಲನ್ನು ದೊಡ್ಡಕ್ಷರದಲ್ಲಿ ಬರೆಯುವ ರೂಢಿಯಿದೆ, ಕಣ್ಣಾಡಿಸಿದರೆ ಸಾಕು ಗೊತ್ತಾಗುತ್ತದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬುದಿಲ್ಲ. ಹಾಗಾಗಿ ಮಾತಿನ ಸಾಲಿನೊಳಗೆ ಆವರಣ ಹಾಕಿ ತುರುಕಿದ ಸೂಚನೆ ಮಾತಿನ ಜೊತೆ ಬೆರೆತುಹೋಗುತ್ತದೆ. ಒಂದೋ ಓದುವವರು ಅದನ್ನೂ ಓದಿಬಿಡುತ್ತಾರೆ, ಇಲ್ಲವೇ ಎಡಿಟರ್ ಕಣ್ಣಿಗೆ ತಪ್ಪುತ್ತದೆ. ಪ್ರತಿ ಸೂಚನೆಗೆ ಬೇರೆಯೇ ಸಾಲು ಕೊಡಿ, ಅಡಿಗೆರೆ ಹಾಕಿ, ಎದುರಿಗೆ ಗುರುತು ಮತ್ತು ಸಂಖ್ಯೆ ಬರೆಯಿರಿ. ಶಬ್ದಕ್ಕೆ ‘ಶ’, ಸಂಗೀತಕ್ಕೆ ‘ಸಂ’, ಮೌನಕ್ಕೆ ‘ಮೌ’. ಆವರಣವನ್ನು ನಟರಿಗೆ ಮಾತ್ರ ಬಿಡಿ: (ನಿದ್ದೆಗಣ್ಣಿನಲ್ಲಿ), (ಕೆಮ್ಮಿ) ಇತ್ಯಾದಿ. ಸಂಖ್ಯೆ ಇದ್ದರೆ ನೀವು ಮಂಡ್ಯದಿಂದ ಫೋನ್ ಮಾಡಿ ‘ಶ 3 ಇನ್ನೊಂಚೂರು ಬೇಗ ಬರಲಿ’ ಎಂದರೆ ಮುಗಿಯಿತು, ಆ ಸೌಂಡ್ ಬರತ್ತಲ್ಲ ಅದರ ಮುಂಚೆ ಎಂದು ಹುಡುಕಾಡಬೇಕಾಗಿಲ್ಲ. ಸ್ಕ್ರಿಪ್ಟ್ ಎಲ್ಲರಿಗೂ ಕಳಿಸಿದ ಮೇಲೆ ಹೊಸ ಶಬ್ದ ಸೇರಿಸಬೇಕಾದರೆ ಹಿಂದಿನ ಸಂಖ್ಯೆಗಳನ್ನು ಮುಟ್ಟದೆ ‘ಶ 3ಅ’ ಎಂದು ಸೇರಿಸಿ.

ನಿಮ್ಮ ದೃಶ್ಯವನ್ನು ಹೀಗೆ ಬರೆಯಬಹುದು:

ದೃಶ್ಯ 5. ಪಡಸಾಲೆ, ರಾತ್ರಿ ಎರಡು ಗಂಟೆ. ಕರೆಂಟ್ ಇಲ್ಲ.

ಶ 1: ಜೀರುಂಡೆ, ಕಿಟಕಿಯ ಆಚೆಯಿಂದ. ದೃಶ್ಯದ ಮೊದಲಿನಿಂದ ಸಣ್ಣಗೆ, ಮಾತಿನ ಕೆಳಗೆ. ಶ 4ರವರೆಗೆ ನಿಲ್ಲಬಾರದು.

ಮಗ: ಸೆಕೆ ಕನವ್ವ. ನಿದ್ದೆ ಬತ್ತಿಲ್ವಾ?

ಅವ್ವ: ಬತ್ತದೆ, ಮನಿಕೊ.

ಶ 2: ಹಳೇ ಸೀಲಿಂಗ್ ಫ್ಯಾನ್. ‘ಮನಿಕೊ’ ಆಗಿ 6 ಸೆಕೆಂಡ್‌ಗೆ ತಿರುಗಲು ಶುರು, ನಿಧಾನಕ್ಕೆ ವೇಗ ಹಿಡಿಯಲಿ. ಒಂದೊಂದು ಸುತ್ತಿಗೂ ಸಣ್ಣ ‘ಟಕ್’. ಶ 4ರವರೆಗೆ ಇರಲಿ.

ಅವ್ವ: (ನಿದ್ದೆಗಣ್ಣಿನಲ್ಲಿ) ಕರೆಂಟ್ ಬತ್ತು... ಏಳಿ, ಮೋಟ್ರು ಆಕ್ಬುಟ್ಟು ಬನ್ನಿ.

ಮೌ 1: ‘ಬನ್ನಿ’ಯ ಕೊನೆಯ ಅಕ್ಷರದಿಂದ 4 ಸೆಕೆಂಡ್. 3ಕ್ಕಿಂತ ಕಡಿಮೆ ಬೇಡ. ಉಳಿಯುವುದು: ಫ್ಯಾನ್, ಜೀರುಂಡೆ, ಅವ್ವನ ಉಸಿರು. ಸಂಗೀತ ಇಲ್ಲ. ಮುರಿಯುವುದು: ಶ 3. ಕಾರಣ: ತಾನು ಯಾರನ್ನು ಕರೆದೆ ಎಂದು ಅವ್ವನಿಗೂ ಮಗನಿಗೂ ಒಟ್ಟಿಗೆ ಹೊಳೆಯುತ್ತದೆ.

ಶ 3: ಗೂಡಿನಿಂದ ಟಾರ್ಚ್ ತೆಗೆದ ಸದ್ದು, ಸ್ವಿಚ್ ‘ಟಿಕ್’. ಹತ್ತಿರದಿಂದ, ಸ್ಪಷ್ಟವಾಗಿ.

ಮಗ: ಓಗ್ಬತ್ತೀನಿ ಕನವ್ವ.

ಶ 4: ಹೊಲ. ಫ್ಯಾನ್ ಕಟ್. ಜೀರುಂಡೆ ಜೋರು, ಎರಡೂ ಕಡೆಯಿಂದ. ಬದುವಿನ ಮೇಲೆ ಚಪ್ಪಲಿ ಸದ್ದು, 8 ಸೆಕೆಂಡ್. ನಡುವೆ ಟಿಟ್ಟಿಭ ಒಂದು ಸಲ, ದೂರದಲ್ಲಿ.

ಶ 5: ಸ್ಟಾರ್ಟರ್ ಡಬ್ಬಿಯ ಬಾಗಿಲು, ಬಟನ್, ‘ಟಪ್’. 5 ಸೆಕೆಂಡ್ ಬಿಟ್ಟು ಪೈಪಿನಲ್ಲಿ ಗಾಳಿ ಉಗುಳಿದ ಸದ್ದು, ಆಮೇಲೆ ತೊಟ್ಟಿಗೆ ನೀರು. ಕೊನೆಯವರೆಗೂ ಇರುತ್ತದೆ.

ಸಂ 1: ಕೊಳಲು ಒಂದೇ, ಶ್ರುತಿಯ ಜೊತೆ. ನೀರು ಒಂದೇ ಸಮನೆ ಬೀಳಲು ಶುರುವಾಗಿ 5 ಸೆಕೆಂಡ್‌ಗೆ, 3 ಸೆಕೆಂಡ್‌ನಲ್ಲಿ ಮೆಲ್ಲಗೆ ಒಳಗೆ. ನೀರಿಗಿಂತ ಕೆಳಗೆ. 20 ಸೆಕೆಂಡ್. ಷಡ್ಜಕ್ಕೆ ಬಂದು ನಿಲ್ಲಬಾರದು. ನೀರಿಗಿಂತ ಮೊದಲೇ ಕರಗಲಿ.

ಇದರಲ್ಲಿ ಮೌ 1 ಎಷ್ಟು ಉದ್ದ ಬರೆದಿದೆ ನೋಡಿ. ಮೌನ ಎಂದರೆ ಏನೂ ಇಲ್ಲದ ಜಾಗ, ಅದಕ್ಕೆ ಒಂದು ಪದ ಸಾಕು ಎಂಬ ಭಾವನೆಯಿಂದಲೇ ಅದು ಎಡಿಟಿನಲ್ಲಿ ಸಾಯುವುದು. ಎಲ್ಲಿಂದ ಶುರು, ಎಷ್ಟು ಹೊತ್ತು, ಏನು ಉಳಿಯುತ್ತದೆ, ಅದನ್ನು ಮುರಿಯುವುದು ಯಾವುದು, ಏಕೆ ಇದೆ: ಈ ಐದೂ ಬರೆದಿದ್ದರೆ ಎಡಿಟರ್ ಅದನ್ನು ಖಾಲಿ ಬಿದ್ದ ಗ್ಯಾಪ್ ಎಂದುಕೊಂಡು ಕತ್ತರಿಸುವುದಿಲ್ಲ.

ಉಳಿಯುವುದು ಏನು ಎಂಬುದು ಅತಿ ಮುಖ್ಯ. ಟ್ರ್ಯಾಕ್‌ನಲ್ಲಿ ನಿಜಕ್ಕೂ ಏನೂ ಇಲ್ಲದೆ ಸೊನ್ನೆಯಾದರೆ ಫೋನಿನಲ್ಲಿ ಕೇಳುವವನು ನೆಟ್ ಹೋಯಿತೇನೋ ಎಂದು ಸ್ಕ್ರೀನ್ ನೋಡುತ್ತಾನೆ. ಅಲ್ಲಿಗೆ ಪಡಸಾಲೆಯಿಂದ ಹೊರಗೆ ಬಂದಂತೆ. ಕಥೆಯ ಮೌನದಲ್ಲಿ ಆ ಮನೆ, ಆ ರಾತ್ರಿ ಉಸಿರಾಡುತ್ತಲೇ ಇರಬೇಕು. ಅದಕ್ಕೇ ಶ 1 ದೃಶ್ಯದ ಮೊದಲಿನಿಂದ ಇರುವುದು. ಒಂದೇ ಸಮನೆ ಬರುವ ಸದ್ದನ್ನು ಕಿವಿ ಸ್ವಲ್ಪ ಹೊತ್ತಿಗೆ ಮರೆಯುತ್ತದೆ, ಮಾತು ನಿಂತ ಕೂಡಲೇ ಮತ್ತೆ ಕೇಳಿಸಿಕೊಳ್ಳುತ್ತದೆ. ‘ಬನ್ನಿ’ ಆದ ಮೇಲೆ ಕೇಳುಗನಿಗೆ ಜೀರುಂಡೆ, ಫ್ಯಾನು ಹೊಸದಾಗಿ ಕೇಳಿಸಿದರೆ, ಅಷ್ಟರಮಟ್ಟಿಗೆ ಅವನಿಗೆ ಮೌನ ಕೇಳಿಸಿತು ಎಂದೇ ಅರ್ಥ. ಇದಾಗಬೇಕಾದರೆ ಜೀರುಂಡೆ ಕನಿಷ್ಠ 15-20 ಸೆಕೆಂಡ್ ಮೊದಲಿನಿಂದ ಇರಬೇಕು. ಮೌನದ ಜಾಗದಲ್ಲೇ ಅದನ್ನು ಹೊಸದಾಗಿ ತಂದರೆ ಮೌನದ ಬದಲು ‘ಜೀರುಂಡೆ ಎಫೆಕ್ಟ್’ ಕೇಳಿಸುತ್ತದೆ.

ಹೊರಗಿನ ಜೀರುಂಡೆಯ ಜೊತೆ ಕೋಣೆಯ ಸದ್ದೂ ಬೇಕು. ರೆಕಾರ್ಡ್ ಮಾಡಿದ ಜಾಗದಲ್ಲೇ, ಅದೇ ಮೈಕ್ ಅಲುಗಿಸದೆ, ಎಲ್ಲರೂ ಸುಮ್ಮನೆ ನಿಂತು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಇದಕ್ಕೆ ರೂಮ್ ಟೋನ್ ಎನ್ನುತ್ತಾರೆ. ಮಾತುಗಳ ನಡುವೆ ಕತ್ತರಿಸಿ ಜೋಡಿಸಿದ ಜಾಗಗಳಲ್ಲಿ ಇದನ್ನು ತುಂಬದಿದ್ದರೆ ಪ್ರತಿ ಮಾತಿನ ಕೊನೆಗೆ ಕೋಣೆಯೇ ಮಾಯವಾದಂತೆ ಕೇಳುತ್ತದೆ. ನಟರು ಬೇರೆ ಬೇರೆ ಮನೆಯಲ್ಲಿ ಕೂತು ಕಳಿಸುವುದಾದರೆ ಒಬ್ಬರ ರೂಮ್ ಟೋನ್ ಆರಿಸಿ ಇಡೀ ದೃಶ್ಯದ ಕೆಳಗೆ ಒಂದೇ ಪಟ್ಟಿಯಾಗಿ ಹಾಸಿ. ಆದರೆ ಮೌ 1ರಂಥ ಜಾಗ ಇದ್ದರೆ ಅವ್ವ, ಮಗ ಇಬ್ಬರೂ ಎದುರುಬದುರು ಕೂತು ರೆಕಾರ್ಡ್ ಮಾಡುವುದೇ ವಾಸಿ ಎಂದು ನನ್ನ ಅಭಿಪ್ರಾಯ. ‘ಬನ್ನಿ’ ಆದ ಮೇಲೆ ನಟಿಗೆ ತಾನು ಹೇಳಿದ್ದು ಅರಿವಾದಾಗ ಉಸಿರು ಒಂದು ಕ್ಷಣ ಹಿಡಿಯುತ್ತದೆ. ಆ ಉಸಿರು ಎಡಿಟಿನಲ್ಲಿ ಹುಟ್ಟಿಸಲು ಬರುವುದಿಲ್ಲ. ಟೇಕ್‌ನಲ್ಲೇ ನಾಲ್ಕು ಸೆಕೆಂಡ್ ಸುಮ್ಮನಿರಲು ಇಬ್ಬರಿಗೂ ಹೇಳಿ, ಪುಟ ತಿರುಗಿಸಬೇಡಿ ಎಂದೂ ಹೇಳಿ.

ನಾಲ್ಕೇ ಏಕೆ? ಒಂದು ಸೆಕೆಂಡ್ ಬರೀ ಉಸಿರು ತೆಗೆದುಕೊಳ್ಳುವ ಹೊತ್ತು, ಯಾರೂ ಗಮನಿಸುವುದಿಲ್ಲ. ಎರಡು ಸೆಕೆಂಡಿಗೆ ಏನೋ ಆಯಿತು ಎನಿಸುತ್ತದೆ. ಇಲ್ಲಿ ಕೇಳುಗ ‘ಬನ್ನಿ’ ಕೇಳಬೇಕು, ಅದು ಮಗನಿಗಲ್ಲ ಎಂದು ತಿಳಿಯಬೇಕು, ಆಮೇಲೆ ಅವಳಿಗೂ ಅದು ತಿಳಿಯಿತು ಎಂದು ತಿಳಿಯಬೇಕು. ಮೂರು ಮೆಟ್ಟಿಲು, ಹಾಗಾಗಿ ಮೂರಕ್ಕಿಂತ ಕಡಿಮೆ ಸಾಲದು. ಆರು, ಏಳಕ್ಕೆ ಹೋದರೆ ಕೇಳುಗ ಮುಂದೇನು ಎಂದು ಕಾಯಲು ಶುರು ಮಾಡುತ್ತಾನೆ, ಅವ್ವನನ್ನು ಬಿಟ್ಟುಬಿಡುತ್ತಾನೆ. ಸ್ಕ್ರಿಪ್ಟನ್ನು ಸ್ಟಾಪ್‌ವಾಚ್ ಹಿಡಿದು ಜೋರಾಗಿ ಓದಿ ನೋಡಿ. ಮನಸ್ಸಿನಲ್ಲಿ ಓದಿಕೊಂಡಾಗ ನಾಲ್ಕು ಎನಿಸಿದ್ದು ಗಡಿಯಾರದಲ್ಲಿ ಎರಡೇ ಆಗಿರುವುದು ಹೆಚ್ಚು. ಹೀಗೊಂದು ಮೌನ ಹತ್ತು ನಿಮಿಷದ ಕಥೆಯಲ್ಲಿ ಒಂದು ಸಲ ಇದ್ದರೆ ಬಲ, ಹೆಚ್ಚೆಂದರೆ ಎರಡು ಸಲ. ಪ್ರತಿ ದೃಶ್ಯಕ್ಕೂ ಇಟ್ಟರೆ ಕೇಳುಗನಿಗೆ ಅಭ್ಯಾಸವಾಗಿಬಿಡುತ್ತದೆ.

ಮೌನವನ್ನು ಮುರಿಯುವ ಸದ್ದನ್ನು ಸಣ್ಣದಾಗಿ, ಒಂದು ಕೆಲಸದ್ದಾಗಿ ಇಡಿ. ಟಾರ್ಚ್ ತೆಗೆದ ಸದ್ದು ಮಗನ ಉತ್ತರವೇ ಆಗಿದೆ. ಅವನು ಅವ್ವನನ್ನು ತಿದ್ದಲಿಲ್ಲ, ಸಮಾಧಾನ ಹೇಳಲಿಲ್ಲ, ಅಪ್ಪನ ಕೆಲಸಕ್ಕೆ ಎದ್ದ. ಇದನ್ನು ಶಬ್ದವೇ ಹೇಳುವುದರಿಂದ ನಿಮ್ಮ ಪುಟದಲ್ಲಿರುವ ‘ಅವ್ವ, ಅಪ್ಪ ಇಲ್ಲ ಅಲ್ವಾ’ ಎಂಬ ಮಗನ ಸಾಲನ್ನು ತೆಗೆದಿದ್ದೇನೆ. ಶಬ್ದ ಹೇಳಿದ್ದನ್ನು ಮಾತೂ ಹೇಳಿದರೆ ಎರಡೂ ತೆಳುವಾಗುತ್ತವೆ.

ಮೌನ ಫೈನಲ್‌ನಲ್ಲಿ ಮಾಯವಾಗುವುದಕ್ಕೆ ಸಾಫ್ಟ್‌ವೇರ್ ಕಡೆಯಿಂದಲೂ ಕಾರಣಗಳಿವೆ, ನಿಮ್ಮ ಗೆಳೆಯ ಇವನ್ನು ನೋಡಲಿ. ಆಡಾಸಿಟಿಯಲ್ಲಿ `Truncate Silence` ಎಂಬ ಎಫೆಕ್ಟ್ ಇದೆ. ಮಾತಿನ ನಡುವಿನ ತಡೆಗಳನ್ನು ಚಿಕ್ಕದು ಮಾಡಲು ಹಲವರು ಅದನ್ನು ಇಡೀ ಟ್ರ್ಯಾಕ್‌ಗೆ ಓಡಿಸುತ್ತಾರೆ. ಅದಕ್ಕೆ ಕಥೆ ಗೊತ್ತಿಲ್ಲ, ಸದ್ದು ಒಂದು ಮಟ್ಟಕ್ಕಿಂತ ಕಡಿಮೆಯಿದ್ದ ಜಾಗವನ್ನೆಲ್ಲ ಕತ್ತರಿಸುತ್ತದೆ, ಮೌ 1 ಕೂಡ ಹೋಗುತ್ತದೆ. ಕಥೆಯ ಟ್ರ್ಯಾಕ್‌ಗೆ ಅದನ್ನು ಹಾಕಲೇಬಾರದು. ಎರಡನೆಯದು `Auto Duck`. ಮಾತು ಬಂದಾಗ ಸಂಗೀತವನ್ನು ತಾನೇ ತಗ್ಗಿಸಿ, ಮಾತು ನಿಂತಾಗ ಏರಿಸುತ್ತದೆ. ಅದರಲ್ಲಿ `Maximum pause` ಎಂಬ ಅಂಕಿಯಿದೆ. ಮಾತಿನ ತಡೆ ಅದಕ್ಕಿಂತ ಉದ್ದವಾದರೆ ಸಂಗೀತ ಮೇಲೇಳುತ್ತದೆ. ಅಂದರೆ ಎಲ್ಲಿ ಸುಮ್ಮನಿರಬೇಕೋ ಸರಿಯಾಗಿ ಅಲ್ಲೇ ಪಿಟೀಲು ಜೋರಾಗುತ್ತದೆ. ನಿಮ್ಮ ಫೈನಲ್‌ನಲ್ಲಿ ‘ಬನ್ನಿ’ ಆಗಿ ಒಂದು ಕ್ಷಣಕ್ಕೆ ಪಿಟೀಲು ಉಬ್ಬುವುದು ಇದರಿಂದಲೇ ಇರಬಹುದು. ಭಾವದ ದೃಶ್ಯದಲ್ಲಿ ಸಂಗೀತದ ಏರಿಳಿತವನ್ನು `Envelope Tool` ಹಿಡಿದು ಕೈಯಲ್ಲೇ ಎಳೆಯಬೇಕು.

ಮೂರನೆಯದು ಜೋರಾದ ಸದ್ದನ್ನು ಅದುಮುವ ಕಂಪ್ರೆಸರ್. ಅದನ್ನು ಎಲ್ಲ ಸೇರಿಸಿದ ಮೇಲೆ ಒಟ್ಟಿಗೆ ಹಾಕಿದರೆ, ಮಾತಿದ್ದಾಗ ಅದುಮಿದ್ದನ್ನು ಮಾತು ನಿಂತ ಕೂಡಲೇ ಬಿಡುತ್ತದೆ, ಫ್ಯಾನು ಮತ್ತು ಜೀರುಂಡೆ ಭುಸ್ ಎಂದು ಮೇಲೆ ಬರುತ್ತವೆ. ದನಿಯ ಟ್ರ್ಯಾಕ್‌ಗೆ ಮಾತ್ರ ಮೊದಲೇ ಹಾಕಿ, ಆಮೇಲೆ ಶಬ್ದಗಳನ್ನು ಜೋಡಿಸಿ. ಕೊನೆಗೆ `Loudness Normalization` ಒಂದೇ ಸಾಕು, ಪಾಡ್‌ಕಾಸ್ಟ್‌ಗೆ ಸ್ಟೀರಿಯೊದಲ್ಲಿ ಒಟ್ಟು ಸದ್ದಿನ ಜೋರನ್ನು LUFS ಎಂಬ ಅಳತೆಯಲ್ಲಿ -16ರ ಸುತ್ತಮುತ್ತ ಇಡುವುದು ರೂಢಿ. ಇದು ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಏರಿಸುತ್ತದೆ, ಮೌನಕ್ಕೂ ಮಾತಿಗೂ ಇರುವ ಅಂತರ ಹಾಗೇ ಉಳಿಯುತ್ತದೆ.

ಕೇಳುಗನ ಕಡೆಯೂ ಒಂದು ಅಪಾಯವಿದೆ. ಕೆಲವು ಪಾಡ್‌ಕಾಸ್ಟ್ ಆಪ್‌ಗಳಲ್ಲಿ ಸದ್ದಿಲ್ಲದ ಜಾಗವನ್ನು ಹಾರಿಸುವ `Trim Silence` ಥರದ ಆಯ್ಕೆ ಇರುತ್ತದೆ. ಅದು ಆನ್ ಆಗಿದ್ದರೆ ಪೂರ್ತಿ ಖಾಲಿ ಇರುವ ನಾಲ್ಕು ಸೆಕೆಂಡ್ ಉಳಿಯುವುದು ಕಷ್ಟ. ಫ್ಯಾನಿನ ‘ಟಕ್’, ಜೀರುಂಡೆ ಇದ್ದರೆ ಉಳಿಯುವ ಸಾಧ್ಯತೆ ಹೆಚ್ಚು. ಮೌನದಲ್ಲಿ ಏನಾದರೂ ಉಳಿಯಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಶಬ್ದಗಳ ವಿಷಯಕ್ಕೆ ಬಂದರೆ, ನಿಮ್ಮ ಪುಟದಲ್ಲಿ ‘ಮೋಟರ್ ಸೌಂಡ್’ ಎಂದಿದೆ, ಫೈನಲ್‌ನಲ್ಲಿ ಡೀಸೆಲ್ ಪಂಪಿನ ಡಬಡಬ ಇದೆ. ಸೌಂಡ್ ಲೈಬ್ರರಿಯಲ್ಲಿ ವಾಟರ್ ಪಂಪ್ ಎಂದು ಹುಡುಕಿದರೆ ಅಂಥದ್ದೇ ಸಿಗುವುದು. ಕರೆಂಟ್ ಬರುವುದನ್ನು ಕಾದು ಹಾಕುವ ಮೋಟರಿಗೆ ಡೀಸೆಲ್ ಸದ್ದು ಬಂದರೆ ನಮ್ಮ ಕಡೆಯ ರೈತ ಅಲ್ಲೇ ಕೇಳುವುದನ್ನು ಬಿಡುತ್ತಾನೆ. ಕೊಳವೆಬಾವಿಯಾದರೆ ಇನ್ನೊಂದು ಮಾತು: ಸಬ್‌ಮರ್ಸಿಬಲ್ ಮೋಟರ್ ನೆಲದೊಳಗೆ ಆಳದಲ್ಲಿರುತ್ತದೆ, ಮೇಲೆ ನಿಂತವನಿಗೆ ಅದರ ಸದ್ದು ಕೇಳುವುದೇ ಇಲ್ಲವೆನ್ನಬಹುದು. ಅವನಿಗೆ ಕೇಳುವುದು ಸ್ಟಾರ್ಟರಿನ ‘ಟಪ್’, ಡಬ್ಬಿಯೊಳಗಿನ ಸಣ್ಣ ಗುಂಯ್, ಆಮೇಲೆ ಪೈಪಿನಲ್ಲಿ ಗಾಳಿ ಉಗುಳಿ ಬರುವ ನೀರು. ಬಟನ್ ಒತ್ತಿದ್ದಕ್ಕೂ ನೀರು ಬಂದದ್ದಕ್ಕೂ ನಡುವೆ ಸ್ವಲ್ಪ ಹೊತ್ತು ಇರುತ್ತದೆ, ಆ ಹೊತ್ತು ನಿಮಗೆ ಪುಕ್ಕಟೆಯಾಗಿ ಸಿಕ್ಕ ಕಾತರ. ಅದಕ್ಕೇ ಶ 5ರಲ್ಲಿ 5 ಸೆಕೆಂಡ್ ಬಿಟ್ಟಿರುವುದು. ಅಪ್ಪನ ಮೋಟರಿನಲ್ಲಿ ಮಗನ ಕೈಗೆ ನೀರು ಬರುತ್ತದೋ ಇಲ್ಲವೋ ಎಂದು ಕೇಳುಗನೂ ಅವನ ಜೊತೆ ನಿಂತು ಕಾಯಲಿ.

ಫೋನಿನ ಸ್ಪೀಕರ್ ಕೂಡ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಮ್ಮ ಕರೆಂಟ್ 50 ಹರ್ಟ್ಸ್, ಅದರಿಂದ ಹುಟ್ಟುವ ಗುಂಯ್ ಸದ್ದು ಮುಖ್ಯವಾಗಿ 100 ಹರ್ಟ್ಸ್ ಹತ್ತಿರ ಇರುತ್ತದೆ. ಅಷ್ಟು ಕೆಳಗಿನ ಸದ್ದನ್ನು ಫೋನಿನ ಪುಟ್ಟ ಸ್ಪೀಕರ್ ಸರಿಯಾಗಿ ಹೊರಗೆ ಹಾಕುವುದಿಲ್ಲ. ಹೆಡ್‌ಫೋನ್ ಹಾಕಿ ಎಡಿಟ್ ಮಾಡಿದವನಿಗೆ ಚೆನ್ನಾಗಿ ಕೇಳಿದ್ದು, ಅಡುಗೆಮನೆಯ ಕಟ್ಟೆಯ ಮೇಲೆ ಫೋನಿಟ್ಟು ಕೇಳುವವರಿಗೆ ಇರುವುದೇ ಇಲ್ಲ. ಫ್ಯಾನಿಗೂ ಇದೇ ಪಾಡು. ಆದ್ದರಿಂದಲೇ ಶ 2ರಲ್ಲಿ ಹಳೇ ಫ್ಯಾನು, ‘ಟಕ್’ ಎಂದು ಬರೆದಿದ್ದು. ಸೂಚನೆ ಬರೆಯುವಾಗಲೇ ಆ ಸದ್ದಿನಲ್ಲಿ ಚುರುಕಾದ ಭಾಗ ಯಾವುದು ಎಂದು ಯೋಚಿಸಿ ಅದನ್ನು ಹೆಸರಿಸಿ: ಟಿಕ್, ಟಪ್, ಕಿರ್ರ್, ನೀರು.

ಜೀರುಂಡೆ, ಹಕ್ಕಿಯನ್ನು ಊರಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಕಾಲವನ್ನೂ ಗಮನಿಸಿ. ಸೆಕೆಯ ರಾತ್ರಿ ಎಂದು ಮಗ ಹೇಳಿದ ಮೇಲೆ ಮಳೆಗಾಲದ ಕಪ್ಪೆ ಕೂಗಬಾರದು. ಟಿಟ್ಟಿಭ ಹಾಕಿರುವುದಕ್ಕೆ ಕಾರಣವಿದೆ: ರಾತ್ರಿಯಲ್ಲೂ ಯಾರಾದರೂ ಹೊಲದ ಕಡೆ ನಡೆದು ಬಂದರೆ ಅದು ಎದ್ದು ಕೂಗುತ್ತದೆ. ಒಂದೇ ಕೂಗಿನಲ್ಲಿ ಬಯಲು, ಕತ್ತಲೆ, ಮಗ ಒಬ್ಬನೇ ಎಂಬುದೆಲ್ಲ ಬಂದುಬಿಡುತ್ತದೆ. ಎರಡನೇ ಸಲ ಕೂಗಿಸಿದರೆ ಕೇಳುಗನ ಗಮನ ಹಕ್ಕಿಯ ಕಡೆ ಹೋಗುತ್ತದೆ.

ಸಂಗೀತ ಇಡೀ ದೃಶ್ಯದಲ್ಲಿ ಒಂದೇ ಸಲ, ಅದೂ ನೀರು ಬಂದ ಮೇಲೆ. ಪಡಸಾಲೆಯಲ್ಲಿ ಕಟ್ಟಿಕೊಂಡದ್ದು ಬಿಚ್ಚಿಕೊಳ್ಳುವುದು ಇಲ್ಲಿ, ಆದ್ದರಿಂದ ಇಲ್ಲಿ ಬಂದರೆ ಅದಕ್ಕೆ ಅರ್ಥವಿದೆ. ದೃಶ್ಯ 4ರ ಕೊನೆಯಲ್ಲಿ ನೀವು ಸಂಗೀತ ಇಟ್ಟಿದ್ದೀರಿ, ಅದು ದೃಶ್ಯ 5ರೊಳಗೆ ಹರಿದು ಬರದಂತೆ ಅಲ್ಲೇ ‘ಇಲ್ಲಿ ಮುಗಿಯಬೇಕು’ ಎಂದು ಬರೆಯಿರಿ. ವೀಣೆ, ತಂಬೂರಿಯ ನಾದವಾಗಲಿ ರಿವರ್ಬ್ ಹಾಕಿದ ಪಿಟೀಲಾಗಲಿ ನಿಲ್ಲಿಸಿದ ಮೇಲೂ ಎರಡು ಮೂರು ಸೆಕೆಂಡ್ ತೇಲುತ್ತಿರುತ್ತದೆ. ಆ ಬಾಲ ಮುಗಿದ ಮೇಲಿಂದ ಮೌನವನ್ನು ಎಣಿಸಬೇಕು, ಕತ್ತರಿಸಿದ ಜಾಗದಿಂದಲ್ಲ.

ಸಂಗೀತಕ್ಕೆ ‘ದುಃಖ’ ಎಂಬ ಪದದ ಬದಲು ವಾದ್ಯ, ಎಷ್ಟು ವಾದ್ಯ, ಗತಿ, ಕೊನೆಯ ಸ್ವರ ಬರೆಯಿರಿ. ಶಿವರಂಜಿನಿ ರಾಗ ಹಾಕು ಎಂದೂ ಬರೆಯಬಹುದು, ಆದರೆ ಸಿನಿಮಾ, ಧಾರಾವಾಹಿಗಳಲ್ಲಿ ಅಳುವಿಗೆ ಅದನ್ನು ಎಷ್ಟು ಬಳಸಿದ್ದಾರೆಂದರೆ ಎರಡು ಸ್ವರ ಬಿದ್ದ ಕೂಡಲೇ ಕೇಳುಗನಿಗೆ ನಿಮ್ಮ ಕಥೆ ಬಿಟ್ಟು ಬೇರೆಲ್ಲ ನೆನಪಾಗುತ್ತದೆ. ಕೊಳಲಿನವರಿಗೆ ‘ಷಡ್ಜಕ್ಕೆ ಬಂದು ನಿಲ್ಲಬೇಡಿ’ ಎಂದು ಹೇಳಿರುವುದು, ಷಡ್ಜಕ್ಕೆ ಬಂದರೆ ಎಲ್ಲ ಮುಗಿದು ಸಮಾಧಾನವಾದಂತೆ ಕೇಳುತ್ತದೆ ಎಂಬ ಕಾರಣಕ್ಕೆ. ಈ ಮನೆಯಲ್ಲಿ ಹದಿನೈದು ದಿನಕ್ಕೆ ಏನೂ ಮುಗಿದಿಲ್ಲ. ಸಂಗೀತದ ಜೊತೆ ಮಾತಿದ್ದರೆ ಸಂಗೀತವನ್ನು ಮಾತಿಗಿಂತ 15ರಿಂದ 20 ಡೆಸಿಬಲ್ ಕೆಳಗಿಡಿ. ಸಂ 1ರ ಜೊತೆ ಮಾತಿಲ್ಲ, ನೀರಿಗಿಂತ ತುಸು ಕೆಳಗಿದ್ದರೆ ಸಾಕು.

ಎಲ್ಲ ಜೋಡಿಸಿದ ಮೇಲೆ ಸ್ಕ್ರಿಪ್ಟ್ ಓದಿರದ ಒಬ್ಬರಿಗೆ ಫೋನಿನ ಸ್ಪೀಕರ್‌ನಲ್ಲೇ ಕೇಳಿಸಿ. ಚೆನ್ನಾಗಿದೆಯಾ ಎಂದು ಕೇಳಬೇಡಿ, ‘ಅವ್ವ ಯಾರನ್ನು ಎಬ್ಬಿಸಿದಳು?’ ಎಂದು ಕೇಳಿ. ‘ಮಗನನ್ನು’ ಎಂದರೆ ‘ಏಳಿ’, ‘ಬನ್ನಿ’ ಎರಡೂ ಮುಚ್ಚಿಹೋಗಿವೆ, ಫ್ಯಾನನ್ನು ತಗ್ಗಿಸಿ ಅಥವಾ ನಟಿಯಿಂದ ಆ ಸಾಲನ್ನು ಮತ್ತೆ ಹೇಳಿಸಿ. ಅವರು ಮೌನದ ನಡುವೆ ಫೋನಿನ ಕಡೆ ನೋಡಿದರೆ ಮೌ 1ರಲ್ಲಿ ಉಳಿದಿರುವುದು ಸಾಲದು, ಜೀರುಂಡೆಯನ್ನು ಎರಡು ಮೂರು ಡೆಸಿಬಲ್ ಏರಿಸಿ. ನೀರು ಬರುವ ಮೊದಲೇ ‘ಪಾಪ’ ಎಂದರೆ ಯಾವುದನ್ನೂ ಮುಟ್ಟಬೇಡಿ. ಸಂ 1 ಇಲ್ಲದೆಯೂ ಒಂದು ಸಲ ಕೇಳಿಸಿ ನೋಡಿ, ಅಷ್ಟೇ ತಾಕಿದರೆ ಅದನ್ನು ಸ್ಕ್ರಿಪ್ಟ್‌ನಿಂದಲೇ ಹೊಡೆದುಹಾಕಿ, ಆ ಸಂಖ್ಯೆಯನ್ನು ಮಾತ್ರ ಬೇರೆ ಯಾವುದಕ್ಕೂ ಕೊಡದೆ ಖಾಲಿ ಬಿಡಿ.